ಕೈರೋದಿಂದ ಮಕ್ಕಾಕ್ಕೆ ಹಜ್ ಕಾರವಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಯುಗದ ಹಜ್ ಯಾತ್ರೆಯ ಮಾತು ಬಂದಾಗೆಲ್ಲ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬಾಗ್ದಾದ್, ದಮಾಸ್ಕಸ್, ಯೆಮೆನ್‌ಗಳಿಂದಲೂ ಕಾರವಾನ್‌ಗಳು ಹೊರಡುತ್ತಿದ್ದವು. ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಮುಖ್ಯವಾಗಿ ಗುಲಾಮ ಸೈನಿಕರ ಪಡೆಯಿಂದ ಬಂದು ಈಜಿಪ್ಟನ್ನು ಆಳಿದ ಮಮ್ಲೂಕ್ ಸುಲ್ತಾನರ ಕಾಲದ (1250–1517) ಕೈರೋ ಕಾರವಾನನ್ನೇ ಹಿಡಿದುಕೊಂಡಿದ್ದೇನೆ. ಉಳಿದವು ಹೋಲಿಕೆಗೆ ಬೇಕಾದಲ್ಲಿ ಬರುತ್ತವೆ.

ಕೈರೋದಿಂದ ಮಕ್ಕಾಕ್ಕೆ ದಾರಿ ಯಾವುದು? ಎಷ್ಟು ದಿನ ಹಿಡಿಯುತ್ತಿತ್ತು?

ಕೈರೋದ ಹೊರಗೆ ಬಿರ್ಕತ್ ಅಲ್-ಹಜ್ ಎಂಬ ಕೆರೆಯಂಗಳವಿತ್ತು. ಜನ, ಒಂಟೆ, ಸಾಮಾನು ಎಲ್ಲ ಮೊದಲು ಅಲ್ಲಿ ಸೇರುತ್ತಿದ್ದವು. ಅಲ್ಲಿಂದ ಸೂಯೆಜ್ ಬಳಿಯ ಅಜ್ರೂದ್, ಸಿನಾಯ್ ಮರುಭೂಮಿಯ ನಟ್ಟನಡುವಿನ ನಖ್ಲ್, ಆಮೇಲೆ ಕಡಿದಾದ ಘಟ್ಟ ಇಳಿದು ಕೆಂಪು ಸಮುದ್ರದ ತುದಿಯ ಅಕಬಾ. ಅಕಬಾದಿಂದ ದಕ್ಷಿಣಕ್ಕೆ ತಿರುಗಿ, ಬಲಗಡೆ ಸಮುದ್ರ ಎಡಗಡೆ ಬೆಟ್ಟಗಳನ್ನು ಇಟ್ಟುಕೊಂಡು ಮುವೈಲಿಹ್, ಅಝ್ಲಮ್, ವಜ್ಹ್, ಯನ್ಬೂ, ಬದ್ರ್, ರಾಬಿಘ್ ದಾಟಿ ಮಕ್ಕಾ. ಒಟ್ಟು ಸುಮಾರು 1,500 ಕಿಲೋಮೀಟರ್, ಹೋಗುವುದಕ್ಕೇ ಐದಾರು ವಾರ.

ದಾರಿ ಬಲ್ಲವರು ಇದನ್ನು ನಾಲ್ಕು ಪಾಲು ಮಾಡಿ ಲೆಕ್ಕ ಹಾಕುತ್ತಿದ್ದರು: ಅಕಬಾವರೆಗೆ ಒಂದು, ಅಝ್ಲಮ್‌ವರೆಗೆ ಎರಡು, ಯನ್ಬೂವರೆಗೆ ಮೂರು, ಮಕ್ಕಾಕ್ಕೆ ನಾಲ್ಕು. ಮುಂದೆ ಬರುವ ಹಲವು ಉತ್ತರಗಳಲ್ಲಿ ಈ ನಾಲ್ಕು ಪಾಲು ಕೆಲಸಕ್ಕೆ ಬರುತ್ತವೆ.

ಇದು ಮೊದಲಿನಿಂದಲೂ ಇದ್ದ ದಾರಿಯೇ?

ದಾರಿ ಹಳೆಯದೇ, ಆದರೆ ನಡುವೆ ಬಹುಕಾಲ ಯಾತ್ರಿಕರು ಅದನ್ನು ಬಿಟ್ಟಿದ್ದರು. 12ನೇ ಶತಮಾನದಲ್ಲಿ ಯುರೋಪಿನ ಕ್ರೈಸ್ತ ಯೋಧರಾದ ಕ್ರುಸೇಡರ್‌ಗಳು ಅಕಬಾ ಮತ್ತು ಅದರ ಉತ್ತರದ ಕರಕ್ ಕೋಟೆಯ ಸೀಮೆಯನ್ನು ಹಿಡಿದಾಗ ಈಜಿಪ್ಟಿನವರಿಗೆ ಸಿನಾಯ್ ದಾಟುವುದು ಅಪಾಯವಾಯಿತು. ಹಾಗಾಗಿ ಯಾತ್ರಿಕರು ದೋಣಿಯಲ್ಲಿ ನೈಲ್ ನದಿಯ ಮೇಲ್ಭಾಗಕ್ಕೆ ಕೂಸ್ ಪಟ್ಟಣದವರೆಗೆ ಹೋಗಿ, ಅಲ್ಲಿಂದ ಮರುಭೂಮಿ ದಾಟಿ ಐದಾಬ್ ಎಂಬ ಬಂದರು ಸೇರಿ, ಹಡಗಿನಲ್ಲಿ ಮಕ್ಕಾದ ಬಂದರಾದ ಜಿದ್ದಾಕ್ಕೆ ಹೋಗಬೇಕಾಯಿತು.

ಸ್ಪೇನಿನಿಂದ ಬಂದ ಇಬ್ನ್ ಜುಬೈರ್ 1183ರಲ್ಲಿ ಈ ಸುತ್ತುದಾರಿಯಲ್ಲೇ ಹೋದ. ಐದಾಬ್‌ನ ಹಡಗುಗಳಿಗೆ ಒಂದೇ ಒಂದು ಮೊಳೆ ಇರಲಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರು ಎಂದು ಅವನು ಬರೆದಿದ್ದಾನೆ. ಆ ನಾರೂ ಮರವೂ ಭಾರತ ಮತ್ತು ಯೆಮೆನ್ ಕಡೆಯಿಂದ ಬರುತ್ತಿದ್ದವಂತೆ. ಹಡಗಿನ ಮಾಲೀಕರು ಒಂದೇ ಪಯಣದಲ್ಲಿ ಹಡಗಿನ ಬೆಲೆ ಗಿಟ್ಟಿಸಿಕೊಳ್ಳಲು ಜನರನ್ನು ಕೋಳಿಬುಟ್ಟಿಯಲ್ಲಿ ತುಂಬಿದ ಹಾಗೆ ತುಂಬುತ್ತಿದ್ದರು. "ಹಲಗೆ ನಮ್ಮ ಜವಾಬ್ದಾರಿ, ಪ್ರಾಣ ಯಾತ್ರಿಕರ ಜವಾಬ್ದಾರಿ" ಎಂಬುದು ಅವರ ನಡುವೆ ಗಾದೆಯಾಗಿಬಿಟ್ಟಿತ್ತು. ಅವನು ಹೋಗುವ ಮುಂಚಿನ ಚಳಿಗಾಲದಲ್ಲಿ ಕರಕ್‌ನ ಕ್ರುಸೇಡರ್ ಒಡೆಯ ರೆನಾಲ್ಡ್ ಕೆಂಪು ಸಮುದ್ರಕ್ಕೆ ಹಡಗು ಇಳಿಸಿ ಐದಾಬ್ ಮೇಲೂ ದಾಳಿ ಮಾಡಿಸಿದ್ದ.

ದಾರಿ ಕಾಯುವವನಿಲ್ಲದಾಗ ಏನಾಗುತ್ತದೆ ಎಂಬುದನ್ನು ಜನ ಹೀಗೆ ಮೈಮೇಲೆ ಅನುಭವಿಸಿದ್ದರು. ಮುಂದೆ ದಾರಿ ತೆರೆದವನಿಗೆ ಅಷ್ಟೊಂದು ಹೆಸರು ಬಂದದ್ದಕ್ಕೆ ಈ ನೆನಪೂ ಒಂದು ಕಾರಣ.

ಹಾಗಾದರೆ ದಾರಿ ತೆರೆದವನು ಯಾರು?

ಸುಲ್ತಾನ್ ಬೈಬರ್ಸ್. ಅವನು ಅರಸುಮನೆಯಲ್ಲಿ ಹುಟ್ಟಿದವನಲ್ಲ. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ಗುಲಾಮನಾಗಿ ಮಾರಾಟವಾಗಿ ಬಂದು, ಸೈನಿಕನಾಗಿ ಬೆಳೆದು, ಹಿಂದಿನ ಸುಲ್ತಾನನನ್ನು ಕೊಂದ ಗುಂಪಿನಲ್ಲಿದ್ದು 1260ರಲ್ಲಿ ಪಟ್ಟಕ್ಕೆ ಬಂದವನು. ಎರಡು ವರ್ಷ ಮೊದಲು, 1258ರಲ್ಲಿ, ಮಂಗೋಲರು ಬಾಗ್ದಾದನ್ನು ಸುಟ್ಟು ಖಲೀಫನನ್ನು ಕೊಂದಿದ್ದರು. ಐದು ಶತಮಾನ ಹಜ್ ದಾರಿಯ ಒಡೆತನ ತಮ್ಮದೆಂದಿದ್ದ ಅಬ್ಬಾಸಿ ಮನೆತನದ ಜಾಗ ಖಾಲಿಯಾಗಿತ್ತು.

ಬೈಬರ್ಸ್ ಆ ಜಾಗವನ್ನು ಹೆಜ್ಜೆ ಹೆಜ್ಜೆಯಾಗಿ ತುಂಬಿದ. 1261ರಲ್ಲಿ ಅಬ್ಬಾಸಿ ಮನೆತನದ ಒಬ್ಬನನ್ನು ಕೈರೋದಲ್ಲಿ ಖಲೀಫನೆಂದು ಕೂರಿಸಿದ. 1263ರಲ್ಲಿ ಕರಕ್ ಕೋಟೆಯನ್ನು ವಶಪಡಿಸಿಕೊಂಡ. ಸಿನಾಯ್ ದಾರಿಯಲ್ಲಿ ಮತ್ತೆ ಕಾರವಾನ್ ಕಳಿಸಿದ. 1269ರಲ್ಲಿ ತಾನೇ ಹಜ್ ಮಾಡಿದ, ಅದೂ ಗುಟ್ಟಾಗಿ. ಕರಕ್ ಕಡೆ ಬೇಟೆಗೆ ಹೊರಟವನಂತೆ ಹೊರಟು ಮದೀನಾ, ಮಕ್ಕಾ ಮುಗಿಸಿದ. ಮಕ್ಕಾದಲ್ಲಿ ಕಾಬಾವನ್ನು ತನ್ನ ಕೈಯಾರೆ ಪನ್ನೀರಿನಿಂದ ತೊಳೆದ. ಹಿಂತಿರುಗಿ ದಮಾಸ್ಕಸ್‌ನಲ್ಲಿ ಕಾಣಿಸಿಕೊಂಡಾಗ ಅಲ್ಲಿನವರಿಗೆ ಅವನು ಹೋಗಿದ್ದದ್ದೇ ಗೊತ್ತಿರಲಿಲ್ಲ.

ಹುಟ್ಟಿನಿಂದ ಹಕ್ಕಿಲ್ಲದವನಿಗೆ ಈ ಸೇವೆಯೇ ಹಕ್ಕುಪತ್ರವಾಯಿತು. ಮಮ್ಲೂಕ್ ಸುಲ್ತಾನರ ಬಿರುದುಗಳಲ್ಲಿ "ಖಾದಿಮ್ ಅಲ್-ಹರಮೈನ್", ಅಂದರೆ ಮಕ್ಕಾ ಮದೀನಾ ಎರಡೂ ಪುಣ್ಯಸ್ಥಳಗಳ ಸೇವಕ ಎಂಬುದಕ್ಕೆ ಅಷ್ಟು ತೂಕ ಬಂದದ್ದು ಇದರಿಂದ. ಮಮ್ಲೂಕರಿಗಿಂತ ಮೊದಲು ಆಳಿದ ಸಲಾಹುದ್ದೀನ್ ಕಾಲದಲ್ಲೇ ಕಾಣಿಸಿಕೊಂಡ ಬಿರುದು ಅದು. ಮಮ್ಲೂಕರು ಅದನ್ನು ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರು ಮಾಡಿ ತೋರಿಸಬೇಕಾದ ಕೆಲಸವನ್ನಾಗಿಸಿದರು.

ಮಹ್ಮಲ್ ಅಂದರೆ ಏನು? ಅದರೊಳಗೆ ಯಾರು ಕೂರುತ್ತಿದ್ದರು?

ಯಾರೂ ಕೂರುತ್ತಿರಲಿಲ್ಲ. ಇದೇ ಎಲ್ಲರಿಗೂ ಅಚ್ಚರಿ ಹುಟ್ಟಿಸುವ ವಿಷಯ.

ಮಹ್ಮಲ್ ಎಂದರೆ ಒಂಟೆಯ ಮೇಲೆ ಕಟ್ಟುವ ಮರದ ಚೌಕಟ್ಟಿನ ಅಂಬಾರಿ. ಮೇಲ್ಭಾಗ ಗೋಪುರದಂತೆ ಚೂಪು, ಸುತ್ತ ರೇಷ್ಮೆ ಬಟ್ಟೆ, ಅದರ ಮೇಲೆ ಸುಲ್ತಾನನ ಹೆಸರಿನ ಕಸೂತಿ. ಮಮ್ಲೂಕರ ಕಾಲದಲ್ಲಿ ಬಟ್ಟೆಯ ಬಣ್ಣ ಹಳದಿ, ಏಕೆಂದರೆ ಅದು ಸುಲ್ತಾನನ ಬಣ್ಣ. ಇಂಥ ಒಂದು ಹೊದಿಕೆ, ಕೊನೆಯ ಸುಲ್ತಾನರಲ್ಲಿ ಒಬ್ಬನಾದ ಅಲ್-ಘೌರಿಯದು, ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ಶಜರ್ ಅಲ್-ದುರ್ ಎಂಬ ರಾಣಿ ಹಜ್‌ಗೆ ಹೋದ ಪಲ್ಲಕ್ಕಿಯಿಂದ ಈ ಪದ್ಧತಿ ಹುಟ್ಟಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಕಥೆ ಅಷ್ಟೇ. ಮಹ್ಮಲ್ ಕಳಿಸುವ ಪದ್ಧತಿಯನ್ನು ಇತಿಹಾಸಕಾರರು ಬೈಬರ್ಸ್‌ನ ಕಾಲಕ್ಕೇ ಸೇರಿಸುತ್ತಾರೆ.

ಆ ಖಾಲಿ ಅಂಬಾರಿ ಸುಲ್ತಾನನ ಬದಲಿಗೆ ಹೋಗುತ್ತಿತ್ತು. ಅವನು ಕೈರೋದ ಕೋಟೆಯಲ್ಲೇ ಇರುತ್ತಿದ್ದ, ಅವನ ಹೆಸರು ಒಂಟೆಯ ಮೇಲೆ ಮಕ್ಕಾ ಪ್ರವೇಶಿಸುತ್ತಿತ್ತು. ಮಕ್ಕಾವನ್ನು ಆಳುತ್ತಿದ್ದ ಶರೀಫ್, ಪ್ರವಾದಿಯ ವಂಶದವನು, ಊರ ಹೊರಗೆ ಬಂದು ಅದನ್ನು ಎದುರುಗೊಂಡು ಆ ಒಂಟೆಯ ಪಾದಕ್ಕೆ ಮುತ್ತಿಡಬೇಕಿತ್ತು. ಅಧಿಕಾರ ಯಾರದು ಎಂಬುದನ್ನು ಸಾವಿರಾರು ಊರುಗಳ ಯಾತ್ರಿಕರ ಮುಂದೆ ಹೀಗೆ ತೋರಿಸುತ್ತಿದ್ದರು. 15ನೇ ಶತಮಾನದಲ್ಲಿ ಸುಲ್ತಾನ್ ಜಕ್ಮಕ್ ಈ ಮುತ್ತಿಡುವ ಕಟ್ಟಳೆಯಿಂದ ಶರೀಫನಿಗೆ ವಿನಾಯಿತಿ ಕೊಟ್ಟ. ಅವನು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ತಯಾರಿ ಯಾವಾಗ ಶುರುವಾಗುತ್ತಿತ್ತು?

ಹಜ್ ನಡೆಯುವುದು ಇಸ್ಲಾಮಿ ವರ್ಷದ ಕೊನೆಯ ತಿಂಗಳು ದುಲ್ ಹಜ್ಜದಲ್ಲಿ. ಕೈರೋದಲ್ಲಿ ಅದರ ಮೊದಲ ಸದ್ದು ಐದು ತಿಂಗಳು ಮೊದಲೇ, ರಜಬ್ ತಿಂಗಳಲ್ಲಿ ಕೇಳುತ್ತಿತ್ತು. ಆಗ ಮಹ್ಮಲ್ ಅನ್ನು ನಗರದಲ್ಲಿ ಮೆರವಣಿಗೆ ಮಾಡುತ್ತಿದ್ದರು. 1326ರಲ್ಲಿ ಕೈರೋದಲ್ಲಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಇದನ್ನು ಬಣ್ಣಿಸಿದ್ದಾನೆ: ಇಸ್ಲಾಮಿ ಕಾನೂನಿನ ನಾಲ್ಕೂ ಪಂಥಗಳ ಮುಖ್ಯ ಖಾಜಿಗಳು, ಖಜಾನೆಯ ಅಧಿಕಾರಿ, ಮಾರುಕಟ್ಟೆಯ ಮೇಲ್ವಿಚಾರಕ ಕುದುರೆ ಏರಿ ಕೋಟೆಯ ಬಾಗಿಲಿಗೆ ಹೋಗುತ್ತಾರೆ. ಮಹ್ಮಲ್ ಹೊರಬರುತ್ತದೆ, ಅದರ ಮುಂದೆ ಆ ವರ್ಷದ ಯಾತ್ರೆಗೆ ನೇಮಕವಾದ ಅಮೀರ, ಅವನ ಸೈನಿಕರು, ಒಂಟೆ ಏರಿದ ನೀರುಗಾರರು. ಗಂಡಸರು ಹೆಂಗಸರು ಎಲ್ಲ ಬೀದಿಗಿಳಿಯುತ್ತಾರೆ, ಒಂಟೆಯವರು ಹಾಡುತ್ತಾರೆ. ಅದನ್ನು ನೋಡಿದ ಮೇಲೆ ಜನರಲ್ಲಿ ಹೊರಡುವ ಆಸೆ ಕುದುರುತ್ತದೆ ಎನ್ನುತ್ತಾನೆ.

ಅಂದರೆ ಮೆರವಣಿಗೆ ಒಂದು ಸಾರ್ವಜನಿಕ ಪ್ರಕಟಣೆಯೂ ಹೌದು: ಈ ವರ್ಷ ದಾರಿ ತೆರೆದಿದೆ, ಹೊರಡುವವರು ಒಂಟೆ ಗೊತ್ತುಮಾಡಿಕೊಳ್ಳಿ, ಸಾಲ ತೀರಿಸಿ, ಮನೆಯ ವ್ಯವಸ್ಥೆ ಮಾಡಿಕೊಳ್ಳಿ. ರಂಜಾನ್ ಮುಗಿದು ಶವ್ವಾಲ್ ತಿಂಗಳಲ್ಲಿ ಎರಡನೆಯ ಮೆರವಣಿಗೆ, ಅದರ ಬೆನ್ನಿಗೇ ಕಾರವಾನ್ ಹೊರಡುವುದು.

ಚಾಂದ್ರಮಾನವಾದ್ದರಿಂದ ಹಜ್ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹಾಗಾಗಿ ಒಬ್ಬ ಅಮೀರನ ಅನುಭವ ಹತ್ತು ವರ್ಷದ ನಂತರದವನಿಗೆ ಪೂರ್ತಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ತೊಂದರೆ ಕೊಡುತ್ತಿದ್ದದ್ದು ಹಠಾತ್ತನೆ ಬರುವ ಹಳ್ಳದ ನೆರೆ, ಬೇಸಿಗೆಯಲ್ಲಿ ಒಣಗಿದ ಬಾವಿ.

ಅಮೀರ್ ಅಲ್-ಹಜ್ ಎಂಬ ಅಧಿಕಾರಿ ಏನೇನು ಮಾಡುತ್ತಿದ್ದ?

ನಡೆದಾಡುವ ಒಂದು ಊರಿಗೆ ಮೂರು ತಿಂಗಳ ದೊರೆ ಎಂದುಕೊಳ್ಳಿ. ಸುಲ್ತಾನ ದೊಡ್ಡ ದರ್ಜೆಯ ಸೇನಾನಾಯಕನೊಬ್ಬನನ್ನು ಪ್ರತಿವರ್ಷ ಹೊಸದಾಗಿ ನೇಮಿಸುತ್ತಿದ್ದ. ಜನ ಹೆಚ್ಚಿದಾಗ ಕಾರವಾನನ್ನು ಎರಡು ಮಾಡುತ್ತಿದ್ದರು: ಮೊದಲ ದಂಡು ಒಂದು ದಿನ ಮುಂದೆ, ಮಹ್ಮಲ್ ಇರುವ ದಂಡು ಹಿಂದೆ, ಎರಡಕ್ಕೂ ಬೇರೆ ಬೇರೆ ಅಮೀರರು. ಇದು ಆಡಂಬರಕ್ಕಲ್ಲ. ಒಂದೇ ದಿನ ಎಲ್ಲರೂ ಬಾವಿಗೆ ಮುಗಿಬಿದ್ದರೆ ನೀರು ಸಾಲುತ್ತಿರಲಿಲ್ಲ.

ಅವನ ಜತೆ ಒಬ್ಬ ಖಾಜಿ ಇರುತ್ತಿದ್ದ. ಜಗಳ ತೀರ್ಮಾನ, ಮರಣಶಾಸನ ಬರೆಸುವುದು, ದಾರಿಯಲ್ಲಿ ಸತ್ತವರ ಸೊತ್ತು ಪಟ್ಟಿ ಮಾಡಿಸಿ ವಾರಸುದಾರರಿಗೆ ಉಳಿಸುವುದು ಅವನ ಕೆಲಸ. ಲೆಕ್ಕ ಬರೆಯುವವರು, ದಾರಿ ತೋರಿಸುವವರು, ವೈದ್ಯ, ಬಾಂಗ್ ಕೂಗುವವನು, ನಗಾರಿಯವರು, ದೀವಟಿಗೆಯವರು, ನೀರುಗಾರರು ಇದ್ದರು. ಒಂಟೆ ಬಾಡಿಗೆಗೆ ಕೊಡುವ ಗುತ್ತಿಗೆದಾರರನ್ನು ಮುಕವ್ವಿಮ್ ಎನ್ನುತ್ತಿದ್ದರು. ಯಾತ್ರಿಕ ಒಪ್ಪಂದ ಮಾಡಿಕೊಳ್ಳುತ್ತಿದ್ದದ್ದು ಇವರ ಜತೆಗೆ. ದಾರಿಯಲ್ಲಿ ಒಂಟೆ ಸತ್ತರೆ ಬದಲಿ ಒಂಟೆ ಯಾರು ಕೊಡಬೇಕು ಎಂಬುದು ಅಮೀರನ ಮುಂದೆ ಬರುವ ತಕರಾರು.

ಬೇಸಿಗೆಯಲ್ಲಿ ನಡೆಯುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ನಗಾರಿ ಬಾರಿಸಿದರೆ ಏಳಬೇಕು, ಮತ್ತೆ ಬಾರಿಸಿದರೆ ಹೇರಬೇಕು. ಪ್ರತಿ ಗುಂಪಿಗೂ ಸಾಲಿನಲ್ಲಿ ಗೊತ್ತಾದ ಜಾಗ. ಆ ಜಾಗ ತಪ್ಪಿ ಹಿಂದೆ ಉಳಿದವನ ಗತಿ ಕಷ್ಟ. ಕಳ್ಳರು ಕಾಯುತ್ತಿದ್ದದ್ದೇ ಬಾಲ ತುಂಡಾಗುವುದನ್ನು. ಆದ್ದರಿಂದ ಸೈನಿಕರಲ್ಲಿ ಗಟ್ಟಿಯಾದವರನ್ನು ಹಿಂದೆ ಇಡುತ್ತಿದ್ದರು. ಅಮೀರ ಒಳ್ಳೆಯವನೋ ಅಲ್ಲವೋ ಎಂಬುದಕ್ಕೆ ಯಾತ್ರಿಕರ ಅಳತೆ ಸರಳವಾಗಿತ್ತು: ನಡೆದು ಬರುವವರಿಗಾಗಿ ಅವನು ನಿಲ್ಲುತ್ತಾನೋ, ನಿಲ್ಲದೆ ಓಡಿಸುತ್ತಾನೋ.

ಇಷ್ಟು ಜನಕ್ಕೆ ನೀರು ಮತ್ತು ಮೇವು ಎಲ್ಲಿಂದ?

ದಾರಿ ಕಾಯುವುದು ಎಂದಾಕ್ಷಣ ಕತ್ತಿ ಹಿಡಿದ ಸವಾರರು ಕಣ್ಣಮುಂದೆ ಬರುತ್ತಾರೆ. ಆದರೆ ಖರ್ಚಿನಲ್ಲೂ ಶ್ರಮದಲ್ಲೂ ನೀರು, ಮೇವಿನ ಪಾಲು ದೊಡ್ಡದು.

ಅಜ್ರೂದ್, ನಖ್ಲ್‌ನಂಥ ತಂಗುದಾಣಗಳಲ್ಲಿ ಬಾವಿಯ ಪಕ್ಕ ಕಲ್ಲಿನ ದೊಡ್ಡ ತೊಟ್ಟಿಗಳಿದ್ದವು. ಬಾವಿಯಿಂದ ಕೊಡಗಟ್ಟಲೆ ಸೇದಿ ಕಾರವಾನ್‌ಗೆ ಕುಡಿಸುವುದು ಆಗದ ಮಾತು. ಬಾಯಾರಿದ ಒಂದು ಒಂಟೆಯೇ ನೂರು ಲೀಟರಿನಷ್ಟು ಕುಡಿಯಬಲ್ಲದು. ಅದಕ್ಕೆ ಯಾತ್ರಿಕರು ಬರುವ ಮೊದಲೇ ಎತ್ತುಗಳಿಂದ ಏತದ ಚಕ್ರ ತಿರುಗಿಸಿ ತೊಟ್ಟಿ ತುಂಬಿಸಿಡಬೇಕು. ತುಂಬಿಸುವವನಿಗೆ ಸಂಬಳ, ಎತ್ತಿಗೆ ಮೇವು, ತೊಟ್ಟಿಗೆ ಗಾರೆ, ಇದೆಲ್ಲ ವರ್ಷವಿಡೀ ಸಾಗಬೇಕು. ಎಲ್ಲ ನೀರೂ ಕುಡಿಯಲು ಬರುತ್ತಿರಲಿಲ್ಲ. ಅಜ್ರೂದ್‌ನ ನೀರು ಉಪ್ಪು. ಆದ್ದರಿಂದ ಒಳ್ಳೆಯ ನೀರು ಸಿಕ್ಕಲ್ಲಿ ಮುಂದಿನ ಎರಡು ಮೂರು ದಿನಕ್ಕಾಗುವಷ್ಟನ್ನು ತೊಗಲಿನ ಚೀಲಗಳಲ್ಲಿ ತುಂಬಿಕೊಳ್ಳುತ್ತಿದ್ದರು.

ಮೇವಿನ ಲೆಕ್ಕ ಇನ್ನೂ ಬಿಗಿ. ಹೋಗಿಬರುವ ಎರಡು ಮೂರು ತಿಂಗಳ ಮೇವನ್ನು ಒಂಟೆಯೇ ಹೊತ್ತರೆ ಬೇರೆ ಹೊರೆಗೆ ಜಾಗವಿಲ್ಲ. ಹಾಗಾಗಿ ಒಂದಷ್ಟು ಹುರುಳಿಯಂಥ ಕಾಳನ್ನು ಹಡಗಿನಲ್ಲಿ ಯನ್ಬೂಗೆ ಮೊದಲೇ ಕಳಿಸುತ್ತಿದ್ದರು. ಹೋಗುವಾಗ ನಖ್ಲ್, ಅಕಬಾ, ಅಝ್ಲಮ್‌ಗಳಲ್ಲಿ ಮೂಟೆ ಇಳಿಸಿ, ಬರುವಾಗ ಎತ್ತಿಕೊಳ್ಳುತ್ತಿದ್ದರು. ಆ ಮೂಟೆಗಳನ್ನು ಕಾಯುವುದಕ್ಕೇ ಕಟ್ಟಡ ಬೇಕು. ಈಗಲೂ ಅಕಬಾದಲ್ಲಿ ನಿಂತಿರುವ ಕೋಟೆಯಂಥ ಛತ್ರ, ಅಂದರೆ ಖಾನ್ ಅನ್ನು ಸುಲ್ತಾನ್ ಅಲ್-ಘೌರಿ ಕಟ್ಟಿಸಿದ, ಬಾಗಿಲ ಶಾಸನದಲ್ಲಿ ಅವನ ಹೆಸರಿದೆ. ಅಕಬಾಕ್ಕೆ ಇಳಿಯುವ ಘಟ್ಟದ ದಾರಿಯನ್ನು ಸರಿಮಾಡಿಸಿದ್ದಕ್ಕೂ ಅಲ್ಲೇ ಬಂಡೆಯ ಮೇಲೆ ಅವನದೊಂದು ಶಾಸನವಿದೆ. ಇಂಥ ಶಾಸನಗಳನ್ನು ಅರಮನೆಯ ಗೋಡೆಗಿಂತ ಘಟ್ಟದ ಬಂಡೆಯ ಮೇಲೆ ಬರೆಸಿದ್ದು ಯಾಕೆಂದು ಯೋಚಿಸಿದರೆ ಉತ್ತರ ಸುಲಭ: ಓದಬೇಕಾದವರು ಆ ದಾರಿಯಲ್ಲೇ ಬರುತ್ತಿದ್ದರು.

ವಾಪಸಾಗುವ ಹೊತ್ತಿಗೆ ಜನ, ಪ್ರಾಣಿ ಎರಡೂ ಸೋತಿರುತ್ತಿದ್ದವು. ಆಗ ಕೈರೋದಿಂದ ಆಹಾರ, ಮೇವು ಹೊತ್ತ ಪರಿಹಾರದ ದಂಡು ಎದುರಿಗೆ ಬಂದು ಅಝ್ಲಮ್ ಸುತ್ತ ಸೇರಿಕೊಳ್ಳುತ್ತಿತ್ತು. ಅಕಬಾದಲ್ಲಿ ಗಾಝಾ, ಕರಕ್ ಕಡೆಯ ವ್ಯಾಪಾರಿಗಳು ಸಂತೆ ಹಾಕುತ್ತಿದ್ದರು.

ಇದೆಲ್ಲ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದಮಾಸ್ಕಸ್ ದಾರಿಯ ಒಂದು ಕಥೆಯನ್ನು ಇಬ್ನ್ ಬತೂತಾ ಹೇಳಿದ್ದಾನೆ. ತಬೂಕ್‌ನಿಂದ ಮುಂದಿನ ಒಂದು ಕಣಿವೆಯಲ್ಲಿ, ಒಂದು ವರ್ಷ ಬಿಸಿಗಾಳಿ ಬೀಸಿ ನೀರೆಲ್ಲ ಇಂಗಿತಂತೆ. ಒಂದು ಗುಟುಕಿನ ಬೆಲೆ ಸಾವಿರ ದೀನಾರಕ್ಕೆ ಏರಿತು, ಕೊನೆಗೆ ಕೊಂಡವನೂ ಸತ್ತ, ಮಾರಿದವನೂ ಸತ್ತ. ಅದನ್ನು ಅಲ್ಲಿನ ಬಂಡೆಯೊಂದರ ಮೇಲೆ ಕೊರೆದಿದ್ದಾರೆ ಎಂದು ಬರೆದಿದ್ದಾನೆ.

ಬೆದೂಯಿನ್ ಬುಡಕಟ್ಟುಗಳಿಗೆ ಹಣ ಕೊಡುತ್ತಿದ್ದರಂತೆ. ಅದು ಲಂಚವಲ್ಲವೇ?

ಈ ಪ್ರಶ್ನೆ ಕೇಳದವರಿಲ್ಲ. ನನ್ನ ಉತ್ತರ: ಲಂಚವಲ್ಲ, ಕಾವಲಿನ ಕೂಲಿ.

ದಾರಿಯುದ್ದಕ್ಕೂ ಬನೂ ಉಕ್ಬಾ, ಬಲಿ, ಜುಹೈನಾ ಮೊದಲಾದ ಬುಡಕಟ್ಟುಗಳ ಸೀಮೆಗಳಿದ್ದವು. ಬಾವಿ ಅವರದು, ಹುಲ್ಲು ಅವರದು. ಸಾವಿರಾರು ಒಂಟೆಗಳು ಬಂದು ಕುಡಿದು ಮೇಯ್ದು ಹೋದರೆ ಅವರ ಆಡುಕುರಿಗೆ ಉಳಿಯುವುದು ಏನು? ಅದಕ್ಕೆ ಪ್ರತಿಯಾಗಿ ಹಣ, ಬಟ್ಟೆ, ಧಾನ್ಯ ಕೊಡುವುದು ಹಳೆಯ ಪದ್ಧತಿ. ಮಮ್ಲೂಕರು ಅದಕ್ಕೆ ಒಂದು ಕರಾರು ಸೇರಿಸಿದರು. ಪ್ರತಿ ಬುಡಕಟ್ಟಿನ ಮುಖ್ಯಸ್ಥನಿಗೂ ಇಂಥಲ್ಲಿಂದ ಇಂಥಲ್ಲಿಯವರೆಗೆ ಎಂದು ದಾರಿಯ ತುಂಡೊಂದನ್ನು ವಹಿಸುತ್ತಿದ್ದರು. ಇದನ್ನು ದರಕ್ ಎನ್ನುತ್ತಿದ್ದರು. ಆ ತುಂಡಿನಲ್ಲಿ ಕಳವಾದರೆ ಉತ್ತರ ಕೊಡಬೇಕಾದವನು ಅವನು. ನಮ್ಮ ಹಳ್ಳಿಗಳಲ್ಲಿ ತಳವಾರನಿಗೆ ಊರ ಕಾವಲು ವಹಿಸಿ ಇನಾಮು ಕೊಡುತ್ತಿದ್ದ ವ್ಯವಸ್ಥೆ ಬಲ್ಲವರಿಗೆ ಇದರ ಒಳಗುಟ್ಟು ಬೇಗ ಅರ್ಥವಾಗುತ್ತದೆ.

ತೊಂದರೆ ಬರುತ್ತಿದ್ದದ್ದು ಕೈರೋದ ಖಜಾನೆ ಬರಿದಾದಾಗ. ಹಣ ತಡವಾದರೆ, ಅಥವಾ ಅಮೀರ ಅದರಲ್ಲಿ ಕೈಯಾಡಿಸಿದರೆ, ಕಾವಲುಗಾರನೇ ದರೋಡೆಕಾರನಾಗುತ್ತಿದ್ದ. ಒಬ್ಬ ಮುಖ್ಯಸ್ಥನಿಗೆ ಕೊಟ್ಟು ಅವನ ದಾಯಾದಿಯನ್ನು ಬಿಟ್ಟರೂ ಅಷ್ಟೇ. ದಾಳಿಯ ಸುದ್ದಿಗಳನ್ನು ಓದುವಾಗ ಕಾಡಿನ ಜನರ ಕ್ರೌರ್ಯ ಎಂದು ಚರಿತ್ರಕಾರರು ಬೈದಿರುವುದು ಕಾಣುತ್ತದೆ. ಬರೆದವರೆಲ್ಲ ಪಟ್ಟಣದವರು. ಆ ವರ್ಷ ಯಾರಿಗೆ ಯಾವ ಬಾಕಿ ಇತ್ತು ಎಂಬುದನ್ನೂ ಕೇಳಿಕೊಂಡು ಓದಬೇಕು.

ದಾರಿ ಕಾಯುವ ಸುಲ್ತಾನರು ತಾವೇ ಯಾಕೆ ಹೆಚ್ಚಾಗಿ ಹೋಗುತ್ತಿರಲಿಲ್ಲ?

ಮೂರು ತಿಂಗಳು ಸಿಂಹಾಸನ ಬಿಟ್ಟಿರುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಅಲ್-ನಾಸಿರ್ ಮುಹಮ್ಮದ್ ಮೂರು ಸಲ ಹೋದ, 1313, 1320 ಮತ್ತು 1332ರಲ್ಲಿ. ಅವನ ಹಿಡಿತ ಅಷ್ಟು ಗಟ್ಟಿಯಾಗಿತ್ತು. ಅವನ ಮೊಮ್ಮಗ ಅಲ್-ಅಶ್ರಫ್ ಶಾಬಾನ್‌ನ ಕಥೆ ಬೇರೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1377ರ ಮಾರ್ಚ್. ಇಪ್ಪತ್ತರ ಹರೆಯದ ಶಾಬಾನ್ ಭಾರಿ ವೈಭವದಿಂದ ಹಜ್‌ಗೆ ಹೊರಟ. ಸಿನಾಯ್ ದಾಟಿ ಅಕಬಾ ಮುಟ್ಟಿದಾಗ ಜತೆಗಿದ್ದ ಮಮ್ಲೂಕ್ ಸೈನಿಕರು ತಮಗೆ ಸಿಗಬೇಕಾದ ಹಣ, ಮೇವು ಕೊಡಿ ಎಂದು ಪಟ್ಟು ಹಿಡಿದರು. ಸುಲ್ತಾನ ಕೊಡಲಿಲ್ಲ ಅಥವಾ ಕೊಡಲಾಗಲಿಲ್ಲ. ಅದು ದಂಗೆಯಾಯಿತು. ಅದೇ ಹೊತ್ತಿಗೆ ಇತ್ತ ಕೈರೋದಲ್ಲಿ ಉಳಿದಿದ್ದ ಪಿತೂರಿಗಾರರು ಸುಲ್ತಾನ ಸತ್ತನೆಂದು ಸುದ್ದಿ ಹಬ್ಬಿಸಿ ಅವನ ಎಳೆಯ ಮಗ ಅಲಿಯನ್ನು ಪಟ್ಟಕ್ಕೆ ಕೂರಿಸಿದರು. ಶಾಬಾನ್ ಕೆಲವೇ ಜನರೊಂದಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದ. ರಾಜಧಾನಿ ಮುಟ್ಟಿದಾಗ ಅದು ಬೇರೆಯವರ ಕೈಯಲ್ಲಿತ್ತು. ಒಬ್ಬ ಹೆಂಗಸಿನ ಮನೆಯಲ್ಲಿ ಅಡಗಿದ್ದವನನ್ನು ಹುಡುಕಿ ಹಿಡಿದು ಕತ್ತು ಹಿಸುಕಿ ಕೊಂದರು.

ಅಕಬಾದಲ್ಲೇ ಯಾಕೆ? ನಾಲ್ಕು ಪಾಲಿನ ಲೆಕ್ಕ ನೆನಪಿಸಿಕೊಳ್ಳಿ. ಅದು ಮೊದಲ ಪಾಲಿನ ಕೊನೆ. ಕೈರೋದಿಂದ ತಂದ ಮೇವು ಅಲ್ಲಿಗೆ ಕರಗಿರುತ್ತದೆ, ಮುಂದಿನದಕ್ಕೆ ಅಲ್ಲೇ ತುಂಬಿಕೊಳ್ಳಬೇಕು. ಕೊರತೆ ಇದ್ದರೆ ಅಲ್ಲಿ ಬಯಲಾಗುತ್ತದೆ, ಅದಕ್ಕಿಂತ ಮುಂದೆ ಹೋದರೆ ಹಿಂದಿರುಗುವುದು ಕಷ್ಟ. ಸೈನಿಕ ಹಟ ಹಿಡಿಯುವುದಾದರೆ ಜಾಗ ಅದೇ.

ಇದಾದ ನೂರು ವರ್ಷದ ಮೇಲೆ, 1480ರಲ್ಲಿ, ಸುಲ್ತಾನ್ ಖಾಯಿತ್‌ಬಾಯ್ ಹಜ್ ಮಾಡಿ ಸುರಕ್ಷಿತವಾಗಿ ಬಂದ.

ಶ್ರೀಮಂತರ ಯಾತ್ರೆಗೂ ಬಡವರ ಯಾತ್ರೆಗೂ ಎಷ್ಟು ವ್ಯತ್ಯಾಸವಿತ್ತು?

ಅಲ್-ನಾಸಿರ್ ಮುಹಮ್ಮದನ ಪ್ರೀತಿಯ ಹೆಂಡತಿ ತುಘಾಯ್ 1321ರಲ್ಲಿ ಹೋದಾಗ ಒಂಟೆಗಳ ಮೇಲೆ ಮಣ್ಣು ತುಂಬಿದ ತೊಟ್ಟಿಗಳಿದ್ದವು, ಅವುಗಳಲ್ಲಿ ಸೊಪ್ಪು ತರಕಾರಿ ಬೆಳೆದಿದ್ದವು. ಕರೆಯುವ ಹಸುಗಳೂ ಜತೆಗೆ ನಡೆದವು. ಎರಡು ಹೊತ್ತೂ ತಾಜಾ ಹಾಲಿನ ಗಿಣ್ಣನ್ನು ಕರಿದು ಬಡಿಸುತ್ತಿದ್ದರು. ಆ ಹಸುಗಳು ಕುಡಿಯುತ್ತಿದ್ದ ನೀರಿನ ಲೆಕ್ಕವೇ ನನಗೆ ಪ್ರತಿಸಲ ನೆನಪಾಗುತ್ತದೆ.

ಅದೇ ದಾರಿಯಲ್ಲಿ ನೀರಿನ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಹೋದವರು ಬಹಳ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಅವರಿಗಾಗಿ ಮಾಡಿದ ಏರ್ಪಾಡು ದಾಖಲಾಗಿದೆ. ಇಬ್ನ್ ಬತೂತಾ 1326ರ ಕೊನೆಯಲ್ಲಿ ಮಕ್ಕಾದಿಂದ ಇರಾಕಿನ ಕಾರವಾನ್ ಜತೆ ಹೊರಟಾಗ ಕಂಡದ್ದು: ಬಡವರಿಗೆ ಕೊಡಲೆಂದೇ ನೀರು ಹೊತ್ತ ಒಂಟೆಗಳು, ಕಾಯಿಲೆಯವರಿಗೆ ಔಷಧಿ, ನಡೆಯಲಾಗದವರನ್ನು ಕೂರಿಸಿಕೊಳ್ಳಲು ಬೇರೆ ಒಂಟೆಗಳು. ರಾತ್ರಿ ಸಾಲಿನ ಮುಂದೆ ದೀವಟಿಗೆ ಹೊತ್ತಿಸಿದರೆ ನೆಲವೆಲ್ಲ ಬೆಳಗಿ ಕತ್ತಲು ಹಗಲಾಗುತ್ತಿತ್ತು ಎನ್ನುತ್ತಾನೆ. ದೊರೆಗೆ ಹೆಸರು ಬರುತ್ತಿದ್ದದ್ದು ಇಂಥ ಒಂಟೆಗಳಿಂದಲೇ. ಊರಿಗೆ ಮರಳಿದ ಬಡವ ಸಾಯುವತನಕ ಹೇಳುವ ಮಾತು ಅದು.

ಬೇರೆ ದೊರೆಗಳು ಇದನ್ನು ಸುಮ್ಮನೆ ನೋಡುತ್ತಿದ್ದರೇ?

ಖಂಡಿತ ಇಲ್ಲ. ಪೈಪೋಟಿ ನಡೆಯುತ್ತಿದ್ದದ್ದು ಎರಡು ವಿಷಯಕ್ಕೆ: ಮಹ್ಮಲ್‌ಗಳಲ್ಲಿ ಯಾರದು ಮುಂದೆ, ಮತ್ತು ಕಾಬಾದ ಮೇಲಿನ ಹೊದಿಕೆ, ಅಂದರೆ ಕಿಸ್ವಾ, ಯಾರದು. ಈಜಿಪ್ಟಿನವರು ಕಿಸ್ವಾಕ್ಕೆಂದೇ 14ನೇ ಶತಮಾನದಲ್ಲಿ ಹಳ್ಳಿಗಳ ಆದಾಯವನ್ನು ವಕ್ಫ್ ದತ್ತಿಯಾಗಿ ಬಿಟ್ಟಿದ್ದರು.

ಯೆಮೆನ್‌ನ ರಸೂಲಿ ದೊರೆಗಳು ಬಾಗ್ದಾದ್ ಬಿದ್ದ ಕೂಡಲೇ ತಮ್ಮ ಹೊದಿಕೆ ಕಳಿಸಿ ಹಕ್ಕು ಸಾಧಿಸಲು ನೋಡಿದರು. 1351ರಲ್ಲಿ ಅವರ ದೊರೆ ಅಲ್-ಮುಜಾಹಿದ್ ತಾನೇ ಹಜ್‌ಗೆ ಬಂದಾಗ ಮಕ್ಕಾ ಬಳಿಯ ಮಿನಾದಲ್ಲಿ ಈಜಿಪ್ಟಿನ ಅಮೀರರೊಂದಿಗೆ ಹೊಡೆದಾಟವಾಯಿತು. ಅವನನ್ನು ಸೆರೆಹಿಡಿದು ಕೈರೋಗೆ ಒಯ್ದರು. ಯಾತ್ರೆಗೆ ಬಂದ ದೊರೆ ಕೈದಿಯಾಗಿ ಹೋದ, ಮುಂದೆ ಬಿಡುಗಡೆಯಾಗಿ ಯೆಮೆನ್‌ಗೆ ಮರಳಿದ.

1330ರಲ್ಲಿ ಇರಾಕಿನ ಕಾರವಾನ್ ಒಂದು ಆನೆಯನ್ನು ಕರೆತಂದಿತು. ಇರಾಕನ್ನು ಆಳುತ್ತಿದ್ದ ಮಂಗೋಲ್ ದೊರೆಯ ವೈಭವ ತೋರಿಸುವುದು ಉದ್ದೇಶ. ಆದರೆ ಆನೆ ತಂದು ಮಕ್ಕಾದ ಮೇಲೆ ದಂಡೆತ್ತಿ ಬಂದವರ ನಾಶದ ಕಥೆ ಕುರಾನ್‌ನಲ್ಲೇ ಇದೆ. ಜನ ಅಪಶಕುನವೆಂದು ಬೆದರಿದರು. ಆ ವರ್ಷ ಮಕ್ಕಾದಲ್ಲಿ ನಿಜಕ್ಕೂ ಗಲಭೆಯಾಗಿ ಈಜಿಪ್ಟಿನ ಅಮೀರನೊಬ್ಬ ಸತ್ತ. ಪಾಪದ ಆನೆ ಮದೀನಾ ಹತ್ತಿರ ಬಂದು, ಊರು ಸೇರುವ ಮೊದಲೇ ಕುಸಿದು ಸತ್ತಿತು.

ಎಲ್ಲಕ್ಕಿಂತ ದೊಡ್ಡ ಜಗಳ ತೈಮೂರನ ಮಗ ಶಾಹ್‌ರುಖ್‌ನದು. ಹೆರಾತ್‌ನಲ್ಲಿ ಆಳುತ್ತಿದ್ದ ಅವನು ಕಾಬಾಕ್ಕೆ ಹೊದಿಕೆ ಹೊದಿಸುವ ಹರಕೆ ಹೊತ್ತಿದ್ದೇನೆ ಎಂದು ಸುಲ್ತಾನ್ ಬರ್ಸ್‌ಬಾಯ್‌ಗೆ ಮತ್ತೆ ಮತ್ತೆ ಬರೆದ. ಬರ್ಸ್‌ಬಾಯ್ ಖಾಜಿಗಳನ್ನು ಕೂಡಿಸಿ ಕೇಳಿ, ಆಗುವುದಿಲ್ಲ ಎಂದ. ಶಾಹ್‌ರುಖ್ 1436ರಲ್ಲಿ ದೂತನ ಕೈಯಲ್ಲಿ ಒಂದು ನಿಲುವಂಗಿ ಕಳಿಸಿದ, ಸಾಮಂತನಿಗೆ ಒಡೆಯ ಕಳಿಸುವಂತೆ. ಬರ್ಸ್‌ಬಾಯ್ ಅದನ್ನು ಹರಿದುಹಾಕಿಸಿ, ದೂತನನ್ನು ಹೊಡೆಸಿ, ಚಳಿಯಲ್ಲಿ ನೀರಿನ ಕೊಳದಲ್ಲಿ ಅದ್ದಿಸಿದ. ಅವನ ನಂತರದ ಜಕ್ಮಕ್ 1444ರಲ್ಲಿ ಒಪ್ಪಿದ. ಹೊದಿಕೆ ಹೊತ್ತು ಬಂದವರ ಬಿಡಾರದ ಮೇಲೆ ಕೈರೋದ ಜನರೇ ನುಗ್ಗಿ ಲೂಟಿ ಮಾಡಿದರು. ಕೊನೆಗೂ ಆ ಬಟ್ಟೆಯನ್ನು ಕಾಬಾದ ಒಳಗಡೆ ಹಾಕಿದರು. ಹೊರಗೆ ಎಲ್ಲರಿಗೂ ಕಾಣುವ ಹೊದಿಕೆ ಕೈರೋದ್ದೇ ಆಗಿ ಉಳಿಯಿತು.

ದಾರಿ ಕಾಯಲಾಗದ ದೊರೆಗೆ ಏನಾಗುತ್ತಿತ್ತು?

ಇದಕ್ಕೆ ಬಾಗ್ದಾದ್‌ನ ಅಬ್ಬಾಸಿಗಳನ್ನು ನೋಡಬೇಕು. ಹಾರೂನ್ ಅಲ್-ರಶೀದ್‌ನ ಹೆಂಡತಿ ಝುಬೈದಾ ಕೂಫಾ–ಮಕ್ಕಾ ದಾರಿಯಲ್ಲಿ ಬಾವಿ, ಕೊಳ ಕಟ್ಟಿಸಿ ಆ ದಾರಿಗೆ ತನ್ನ ಹೆಸರೇ ನಿಲ್ಲುವಂತೆ ಮಾಡಿದ್ದಳು. ನೂರು ವರ್ಷದಲ್ಲಿ ಚಿತ್ರ ಬದಲಾಯಿತು. ಕರ್ಮತಿ ಎಂಬ ಬಂಡಾಯದ ಪಂಥದವರು 906ರಲ್ಲಿ, ಮತ್ತೆ 924ರಲ್ಲಿ ಮರಳುತ್ತಿದ್ದ ಕಾರವಾನ್‌ಗಳನ್ನು ಕಡಿದುಹಾಕಿದರು. 924ರ ಸುದ್ದಿ ತಲುಪಿದಾಗ ಬಾಗ್ದಾದ್‌ನ ಹೆಂಗಸರು ಬೀದಿಗಿಳಿದು ಅತ್ತರು, ಸಿಟ್ಟು ವಜೀರನ ಮೇಲೆ ತಿರುಗಿತು, ಅವನ ಅಧಿಕಾರ ಹೋಯಿತು, ಕೊನೆಗೆ ತಲೆಯೂ ಹೋಯಿತು. 930ರಲ್ಲಿ ಕರ್ಮತಿಗಳು ಮಕ್ಕಾಕ್ಕೇ ನುಗ್ಗಿ ಕಾಬಾದ ಕರಿಶಿಲೆಯನ್ನು ಕಿತ್ತೊಯ್ದರು. ಅದು ಮರಳಿದ್ದು 951ರಲ್ಲಿ.

ನಮ್ಮ ಕಡೆಯ ಯಾತ್ರಿಕರು ಈ ಕಾರವಾನ್ ಸೇರುತ್ತಿದ್ದರೇ?

ದಖನ್ನಿನವರು ಸಮುದ್ರದ ಮೇಲೆ ಪಶ್ಚಿಮ ಕರಾವಳಿಯ ಬಂದರುಗಳಿಂದ ಜಿದ್ದಾಕ್ಕೆ ಹೋಗುತ್ತಿದ್ದರು, ಆದ್ದರಿಂದ ಕೈರೋದ ಕಾರವಾನನ್ನು ಕಾಣುತ್ತಿದ್ದದ್ದು ಮಕ್ಕಾದಲ್ಲೇ. ಆದರೆ ದಾರಿ ಕಾಯಲಾಗದ ದೂರದ ದೊರೆಗಳಿಗೂ ಹೆಸರು ಗಳಿಸಲು ಇನ್ನೊಂದು ಬಗೆಯಿತ್ತು: ಮಕ್ಕಾದಲ್ಲಿ ಕಟ್ಟಡ ಕಟ್ಟಿಸುವುದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ಅಲ್ಲಿ ಕಟ್ಟಿಸಿದ ಮದರಸಾ ಇತ್ತು. ಅರಬ್ಬರ ಬಾಯಲ್ಲಿ ಅದು ಕಲಬುರಗಿಯ ಹೆಸರಿನಿಂದಲೇ "ಕುಲ್ಬರ್ಜಿಯಾ" ಆಗಿತ್ತು.

1517ರ ನಂತರ ಏನಾಯಿತು?

ಆಟೋಮನ್ ಸುಲ್ತಾನ್ ಸಲೀಮ್ ಕೈರೋವನ್ನು ಗೆದ್ದ. ಮಕ್ಕಾದ ಶರೀಫ್ ಯುದ್ಧವಿಲ್ಲದೆಯೇ ತನ್ನ ಮಗನನ್ನು ಕೈರೋಗೆ ಕಳಿಸಿ ಹೊಸ ಒಡೆಯನನ್ನು ಒಪ್ಪಿಕೊಂಡ. ಈಜಿಪ್ಟಿನ ಧಾನ್ಯವಿಲ್ಲದೆ ಮಕ್ಕಾ ಬದುಕುವಂತಿರಲಿಲ್ಲ, ಕೈರೋ ಯಾರ ಕೈಯಲ್ಲಿದೆಯೋ ಕಾರವಾನ್ ಅವರದು. ಸೇವಕನೆಂಬ ಬಿರುದೂ ಸಲೀಮನಿಗೆ ಬಂತು, ಮಹ್ಮಲ್ ಹೊರಡುವುದು ನಿಲ್ಲಲಿಲ್ಲ.

ಕಾರವಾನ್ ಕ್ಷೇಮವಾಗಿದೆ ಎಂದು ಕೈರೋದವರಿಗೆ ಹೇಗೆ ಗೊತ್ತಾಗುತ್ತಿತ್ತು?

ಹಜ್ ವಿಧಿಗಳು ಮುಗಿದ ಕೂಡಲೇ ಒಬ್ಬ ಸವಾರ ವೇಗದ ಒಂಟೆ ಏರಿ ಕೈರೋಗೆ ಹೊರಡುತ್ತಿದ್ದ. ಅವನನ್ನು ಮುಬಶ್ಶಿರ್, ಅಂದರೆ ಶುಭಸುದ್ದಿ ತರುವವನು ಎನ್ನುತ್ತಿದ್ದರು. ಯಾತ್ರಿಕರ ಕಾಗದಗಳು, ಮಕ್ಕಾದಲ್ಲಿ ಧಾನ್ಯ ನೀರಿನ ಬೆಲೆ, ಯಾರು ಸತ್ತರು, ದಾರಿ ಹೇಗಿತ್ತು, ಎಲ್ಲ ಅವನ ಜತೆ ಬರುತ್ತಿತ್ತು. ಕಾರವಾನ್ ಐದಾರು ವಾರ ನಡೆಯುವ ದಾರಿಯನ್ನು ಅವನು ಎರಡು ಮೂರು ವಾರದಲ್ಲಿ ಮುಗಿಸಿ ವರ್ಷದ ಕೊನೆಯ ದಿನಗಳಲ್ಲಿ ಊರು ಮುಟ್ಟಬೇಕಿತ್ತು. ಸುಲ್ತಾನ ಅವನಿಗೆ ನಿಲುವಂಗಿ ಹೊದಿಸುತ್ತಿದ್ದ, ಅಮೀರರು ಇನಾಮು ಕೊಡುತ್ತಿದ್ದರು.

ಅವನು ಬರುವ ದಿನ ದಾಟಿದರೆ ಪೇಟೆಯಲ್ಲಿ ಮಾತು ಶುರುವಾಗುತ್ತಿತ್ತು. ಎರಡು ದಿನ, ನಾಲ್ಕು ದಿನ ಕಳೆದರೆ ಯಾತ್ರೆಗೆ ಹೋದವರ ಮನೆಮಂದಿ ಬಿರ್ಕತ್ ಅಲ್-ಹಜ್ ಕಡೆಯಿಂದ ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು, ಕೋಟೆಯೊಳಗೆ ಸುಲ್ತಾನನೂ ಅದೇ ಸವಾರನಿಗಾಗಿ ಕಾಯುತ್ತಿದ್ದ.